‘ಕನ್’ ಅಂದರೆ ಬರ್ತೀನಿ, ‘ಕ್ಯಾನ್’ ಅಂದರೆ ಬರಲ್ಲ

ಅಕ್ಕನ ಮಗ ಬೆಂಗಳೂರಿನ ಒಂದು ಕಂಪನಿಯಲ್ಲಿದ್ದಾನೆ. ದಿನದ ಅರ್ಧ ಹೊತ್ತು ಅಮೆರಿಕದವರ ಜೊತೆ ಫೋನಿನಲ್ಲೇ ಕಳೆಯುತ್ತಾನೆ. ಒಂದು ಭಾನುವಾರ ಊಟಕ್ಕೆ ಬಂದವನು ಎಲೆ ಮುಂದೆ ಕೂತು ತನ್ನ ಗೋಳು ಹೇಳಿಕೊಂಡ. ಮೀಟಿಂಗ್ ಯಾವಾಗ ಇಟ್ಟುಕೊಳ್ಳೋಣ ಎಂದು ಕೇಳಿದಾಗ ಇವನು ‘ಐ ಕ್ಯಾನ್ ಡೂ ಫ್ರೈಡೇ’ ಎಂದನಂತೆ. ಆ ಕಡೆಯವರು ‘ಪರವಾಗಿಲ್ಲ ಬಿಡಿ, ಹಾಗಾದರೆ ಸೋಮವಾರ’ ಎಂದು ಮುಂದಕ್ಕೆ ಹಾಕಿಬಿಟ್ಟರಂತೆ. “ಆಗುತ್ತೆ ಅಂತ ನೆಟ್ಟಗೆ ಹೇಳಿದೀನಿ ಮಾಮ, ಆಗಲ್ಲ ಅಂತ ಹೇಗೆ ಕೇಳಿಸ್ತು ಅವರಿಗೆ?”

ಇನ್ನೊಂದು ಸಲ ಹೇಳು ಎಂದೆ. ಹೇಳಿದ. ನಾಲ್ಕು ಪದ, ನಾಲ್ಕಕ್ಕೂ ಸಮನಾದ ತೂಕ, ಒಂದೊಂದು ಅಕ್ಷರವೂ ಸ್ಪಷ್ಟ. ನೆಟ್ಟಗೆ ಹೇಳಿದ್ದೇ ತಪ್ಪಾಗಿತ್ತು. ಅಮೆರಿಕದವರ ಬಾಯಲ್ಲಿ ‘ಆಗುತ್ತದೆ’ ಎನ್ನುವ ಕ್ಯಾನ್ ವಾಕ್ಯದ ನಡುವೆ ಸಾಮಾನ್ಯವಾಗಿ ಹೀಗೆ ನೆಟ್ಟಗಿರುವುದಿಲ್ಲ. ಅದು ಮುದುಡಿ ‘ಕನ್’ ಆಗಿರುತ್ತದೆ, ಕೆಲವೊಮ್ಮೆ ಬರೀ ‘ಕ್ನ್’. ‘ಆಗುವುದಿಲ್ಲ’ ಎನ್ನುವ ಕ್ಯಾನ್ಟ್ ಮಾತ್ರ ತುಂಬು ಸ್ವರದಲ್ಲಿ ಬರುತ್ತದೆ. ಅದರ ಕೊನೆಯ ಟಕಾರವಾದರೂ ವ್ಯತ್ಯಾಸ ತೋರಿಸಬೇಕಲ್ಲ ಎನ್ನಬಹುದು. ಆದರೆ ಮುಂದೆ ‘ಡೂ’ ಇದ್ದಾಗ ನಾಲಗೆ ಟಕಾರದ ಜಾಗಕ್ಕೆ ಹೋಗಿ ಅಂಟಿಕೊಂಡು, ಅಲ್ಲಿಂದ ಬಿಡುವಾಗ ಡಕಾರವಾಗಿಯೇ ಹೊರಬರುತ್ತದೆ. ಟಕಾರ ಕಿವಿಗೆ ಬೀಳುವುದೇ ಇಲ್ಲ. ಹಾಗಾಗಿ ಅವರ ಕಿವಿ ಟಕಾರಕ್ಕೆ ಕಾಯುವುದಿಲ್ಲ, ಸ್ವರವನ್ನೇ ನೋಡಿಕೊಳ್ಳುತ್ತದೆ. ಮುದುಡಿದ್ದರೆ ಹೌದು, ಅರಳಿದ್ದರೆ ಇಲ್ಲ. ಇವನು ಅರಳಿಸಿ ಹೇಳಿದ.

ಬ್ರಿಟನ್ನಿನವರ ಜೊತೆ ಮಾತಾಡುವಾಗ ಈ ಪಜೀತಿ ಕಡಿಮೆ. ದಕ್ಷಿಣ ಇಂಗ್ಲೆಂಡಿನಲ್ಲಿ ‘ಇಲ್ಲ’ ಎನ್ನುವುದು ‘ಕಾನ್ಟ್’, ಅದರ ಸ್ವರವೇ ಬೇರೆ. ಮುದುಡುವ ‘ಕನ್’ ಮಾತ್ರ ಎರಡು ಕಡೆಗೂ ಒಂದೇ.

ಈ ಮುದುಡಿದ ಸ್ವರಕ್ಕೆ ‘ಶ್ವಾ’ ಎಂದು ಹೆಸರು. ಹೀಬ್ರೂ ಬರಹದಲ್ಲಿ ಅಕ್ಷರದ ಕೆಳಗೆ ಒಂದರ ಕೆಳಗೊಂದು ಇಡುವ ಎರಡು ಚುಕ್ಕಿಗಳ ಹೆಸರದು. ಜರ್ಮನ್ ಭಾಷಾವಿಜ್ಞಾನಿಗಳ ಮೂಲಕ ಇಂಗ್ಲಿಷಿಗೆ ಬಂತು. ನಿಘಂಟಿನಲ್ಲಿ ಇದರ ಗುರುತು ə, ಇಂಗ್ಲಿಷಿನ ಸಣ್ಣ ‘ಇ’ ಅಕ್ಷರವನ್ನು ತಲೆಕೆಳಗು ಮಾಡಿದಂತೆ. ಇಂಗ್ಲಿಷ್ ಮಾತಿನಲ್ಲಿ ಅತಿ ಹೆಚ್ಚು ಬಾರಿ ಬರುವ ಸ್ವರ ಇದೇ. ಸ್ವರ, ವ್ಯಂಜನ ಎಲ್ಲ ಸೇರಿಸಿ ಎಣಿಸಿದರೂ ಹತ್ತರಲ್ಲಿ ಒಂದು ಧ್ವನಿ ಶ್ವಾ. ಇಷ್ಟಾದರೂ ವರ್ಣಮಾಲೆಯಲ್ಲಿ ಇದಕ್ಕೆ ಸ್ವಂತ ಅಕ್ಷರವಿಲ್ಲ. ಐದು ಸ್ವರಾಕ್ಷರಗಳಲ್ಲಿ ಯಾವುದರ ವೇಷದಲ್ಲಿ ಬೇಕಾದರೂ ಬರುತ್ತದೆ. ‘ಅಬೌಟ್’ ಪದದ ಮೊದಲ ಅಕ್ಷರ, ‘ಸೆವನ್’ ಪದದ ಕೊನೆಯ ಸ್ವರ, ‘ಲೆಮನ್’ ಪದದ ಕೊನೆಯ ಸ್ವರ, ‘ಸರ್ಕಸ್’ ಪದದ ಕೊನೆಯ ಸ್ವರ: ಬರೆಯುವಾಗ ನಾಲ್ಕೂ ಬೇರೆ ಬೇರೆ, ಬಾಯಲ್ಲಿ ನಾಲ್ಕೂ ಶ್ವಾ.

ಯಾಕೆ ಮುದುಡುತ್ತದೆ

ಕನ್ನಡದ ವ್ಯಾಕರಣ ಓದಿದವರಿಗೆ ಮಾತ್ರೆಯ ಲೆಕ್ಕ ಗೊತ್ತು. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಬರೀ ವ್ಯಂಜನಕ್ಕೆ ಅರ್ಧ. ಈ ಲೆಕ್ಕ ಪದ್ಯಕ್ಕೆ ಮಾತ್ರ ಸೀಮಿತವಲ್ಲ, ನಮ್ಮ ನಾಲಗೆಯೂ ಹೆಚ್ಚುಕಡಿಮೆ ಅದನ್ನೇ ಪಾಲಿಸುತ್ತದೆ. ಹ್ರಸ್ವ ಎಲ್ಲೇ ಬಂದರೂ ತನ್ನ ಒಂದು ಮಾತ್ರೆಯನ್ನು ಕೇಳಿ ಪಡೆಯುತ್ತದೆ. ಇಂಗ್ಲಿಷಿನ ಲೆಕ್ಕ ಬೇರೆ. ಪದದಲ್ಲಿ ಒಂದು ಅಕ್ಷರಕ್ಕೆ ಒತ್ತು ಬೀಳುತ್ತದೆ. ಉದ್ದ, ಗಟ್ಟಿತನ, ಸ್ವರದ ಏರಿಳಿತ ಎಲ್ಲವೂ ಆ ಅಕ್ಷರಕ್ಕೇ ಹೋಗುತ್ತವೆ. ಉಳಿದವು ಸಿಕ್ಕಷ್ಟು ಜಾಗದಲ್ಲಿ ಹುದುಗಿಕೊಳ್ಳಬೇಕು.

ಜಾಗ ಕಡಿಮೆಯಾದಾಗ ಬಾಯಲ್ಲಿ ಏನಾಗುತ್ತದೆ ಎಂಬುದನ್ನು ಸ್ವೀಡನ್ನಿನ ಬ್ಯೋರ್ನ್ ಲಿಂಡ್‌ಬ್ಲೊಮ್ 1963ರಲ್ಲಿ ಅಳೆದು ತೋರಿಸಿದರು. ಪ್ರತಿ ಸ್ವರಕ್ಕೂ ನಾಲಗೆ ಮುಟ್ಟಬೇಕಾದ ಒಂದು ತಾಣವಿದೆ. ‘ಈ’ಗೆ ಮೇಲೆ ಮುಂದಕ್ಕೆ, ‘ಊ’ಗೆ ಮೇಲೆ ಹಿಂದಕ್ಕೆ, ‘ಆ’ಗೆ ಕೆಳಕ್ಕೆ. ಸಮಯ ಕಡಿಮೆಯಾದಷ್ಟೂ ನಾಲಗೆ ಆ ತಾಣದವರೆಗೆ ಹೋಗುವುದಿಲ್ಲ, ಅರ್ಧ ದಾರಿಯಲ್ಲೇ ಮುಂದಿನ ವ್ಯಂಜನದ ಕಡೆ ತಿರುಗುತ್ತದೆ. ತಡವಾದ ಬಸ್ಸು ಊರೊಳಗಿನ ನಿಲ್ದಾಣಕ್ಕೆ ಹೋಗದೆ ಬೈಪಾಸಿನಲ್ಲೇ ಜನರನ್ನು ಇಳಿಸಿ ಹೋಗುವುದಿಲ್ಲವೇ, ಹಾಗೆ. ‘ಈ’ಯಾಗಲಿ ‘ಊ’ವಾಗಲಿ ‘ಆ’ಯಾಗಲಿ, ಎಲ್ಲವೂ ಬಾಯಿಯ ನಡುಮಧ್ಯೆಯೇ ಇಳಿದುಬಿಟ್ಟರೆ ಅವುಗಳ ಬಣ್ಣ ಅಳಿದು ಒಂದೇ ಆಗುತ್ತವೆ. ಆ ನಡುಮಧ್ಯವೇ ಶ್ವಾ. ತುಟಿ ಸಡಿಲ, ದವಡೆ ಸ್ವಲ್ಪವೇ ತೆರೆದಿದೆ, ನಾಲಗೆ ಎಲ್ಲೂ ಎದ್ದಿಲ್ಲ. ಅವಧಿ ಸಾಮಾನ್ಯವಾಗಿ ಒಂದು ಸೆಕೆಂಡಿನ 20ನೇ ಒಂದು ಪಾಲಿನ ಆಸುಪಾಸು.

ಇವತ್ತಿನ ಇಂಗ್ಲಿಷಿನಲ್ಲಿ ಇದು ಬರೀ ಅವಸರದ ಫಲವಾಗಿ ಉಳಿದಿಲ್ಲ, ಭಾಷೆಯ ನಿಯಮವೇ ಆಗಿಬಿಟ್ಟಿದೆ. ನಿಧಾನವಾಗಿ ವಾರ್ತೆ ಓದುವವರೂ ‘ಅಬೌಟ್’ ಪದದ ಮೊದಲ ಅಕ್ಷರವನ್ನು ಅರಳಿಸುವುದಿಲ್ಲ. ಒತ್ತಿಲ್ಲದ ಸ್ವರವನ್ನು ಸವೆಸುವುದು ಆ ಭಾಷೆಯ ಹಳೇ ಚಾಳಿ. ಸಾವಿರ ವರ್ಷದ ಹಿಂದೆ ‘ನೇಮ್’ ಎಂಬ ಪದ ‘ನಮ’ ಎಂದಿತ್ತು, ಎರಡು ಅಕ್ಷರ, ಕೊನೆಗೆ ತುಂಬು ಸ್ವರ. ನಮ್ಮ ‘ನಾಮ’ದ ದೂರದ ದಾಯಾದಿ ಅದು. ಒತ್ತು ಮೊದಲ ಅಕ್ಷರದ ಮೇಲಿದ್ದುದರಿಂದ ಕೊನೆಯದು ಸವೆದು ಶ್ವಾ ಆಯಿತು, ಮುಂದಿನ ಕೆಲವು ಶತಮಾನಗಳಲ್ಲಿ ಅದೂ ಹೋಯಿತು. ಇಂದು ಆ ಪದದ ಕೊನೆಯಲ್ಲಿ ಬರೆದು ಉಚ್ಚರಿಸದೆ ಬಿಡುವ ‘ಇ’ ಅಕ್ಷರ ಸತ್ತ ಶ್ವಾದ ಸಮಾಧಿಕಲ್ಲು. ಶಾಲೆಯಲ್ಲಿ ‘ಅದು ಸೈಲೆಂಟ್’ ಎಂದು ಬೈಸಿಕೊಂಡು ಕಲಿತ ಎಷ್ಟೋ ಪದಗಳ ಕಥೆ ಇದೇ.

ನಾವೇನು ಸವೆಸುವುದಿಲ್ಲವೇ? ಸವೆಸುತ್ತೇವೆ. ಹುಡುಗ ‘ಹುಡ್ಗ’ ಆಗುತ್ತಾನೆ, ಕುದುರೆ ‘ಕುದ್ರೆ’, ಬೆಂಗಳೂರು ‘ಬೆಂಗ್ಳೂರು’. ಆದರೆ ನಾವು ನಡುವಿನ ಹ್ರಸ್ವವನ್ನು ಬುಡಸಮೇತ ಕಿತ್ತು ಬಿಸಾಡುತ್ತೇವೆ, ಉಳಿದ ಸ್ವರಗಳು ಮೊದಲಿನಷ್ಟೇ ಕಳೆಯಾಗಿರುತ್ತವೆ. ಇಂಗ್ಲಿಷು ಅಕ್ಷರವನ್ನು ಉಳಿಸಿಕೊಂಡು ಅದರ ಬಣ್ಣ ತೊಳೆಯುತ್ತದೆ. ಪುಸ್ತಕದಿಂದ ಕಲಿಯದೆ ಕಿವಿಯಿಂದ ಕಲಿತವರು ಇದನ್ನು ಚೆನ್ನಾಗಿಯೇ ಹಿಡಿದಿದ್ದಾರೆ. ಹಳ್ಳಿಯವರ ‘ಗೌರ್ಮೆಂಟು’ ಕೇಳಿ ಓದಿದವರು ನಗುತ್ತಾರೆ. ಆದರೆ ಅಕ್ಷರಕ್ಕೆ ಅಕ್ಷರ ಬಿಡಿಸಿ ಹೇಳುವ ‘ಗವರ್ನಮೆಂಟ್’ಗಿಂತ ಲಂಡನ್ನಿನವನ ಬಾಯಿಗೆ ಹತ್ತಿರವಾದದ್ದು ಗೌರ್ಮೆಂಟೇ.

ತಲೆಕಟ್ಟಿನ ಉಪಾಯ

ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದ ನನಗೆ ಕೊನೆಕೊನೆಗೆ ಹೊಳೆದ ಒಂದು ದಾರಿ ಇದೆ. ಕನ್ನಡದ ಹ್ರಸ್ವ ‘ಅ’ ಶ್ವಾಗೆ ಬಹಳ ಹತ್ತಿರದ ಸ್ವರ. ಅಂದರೆ ನಮಗೆ ಹೊಸ ಧ್ವನಿ ಕಲಿಯಬೇಕಾಗಿಯೇ ಇಲ್ಲ. ಬರಹದಲ್ಲಿ ಆ ‘ಅ’ಗೆ ತಲೆಕಟ್ಟು ಒಂದೇ ಸಾಕು, ಗುಡಿಸು, ಕೊಂಬು, ಏತ್ವ, ಓತ್ವ ಯಾವುದೂ ಬೇಡ. ಹಾಗಾಗಿ ಇಂಗ್ಲಿಷ್ ಪದವನ್ನು ಕನ್ನಡದಲ್ಲಿ ಬರೆದುಕೊಳ್ಳುವಾಗ ಶ್ವಾ ಇರುವಲ್ಲೆಲ್ಲ ಕಾಗುಣಿತ ಕಿತ್ತುಹಾಕಿ ತಲೆಕಟ್ಟು ಮಾತ್ರ ಬಿಡಿ. ಓದುವಾಗ ಆ ಅಕ್ಷರಕ್ಕೆ ಒಂದು ಮಾತ್ರೆಯನ್ನೂ ಕೊಡಬೇಡಿ, ಅರೆಮಾತ್ರೆ ಸಾಕು.

ಒಂದೇ ಕುಟುಂಬದ ಮೂರು ಪದ ನೋಡಿ. ಕ್ಯಾಮೆರಾದಲ್ಲಿ ತೆಗೆದದ್ದು ‘ಫೋಟಗ್ರಾಫ್’, ಒತ್ತು ಮೊದಲ ಅಕ್ಷರಕ್ಕೆ. ತೆಗೆಯುವವನು ‘ಫಟಾಗ್ರಫರ್’, ಒತ್ತು ಎರಡನೆಯದಕ್ಕೆ ಜಾರಿತು. ಜಾರಿದ ಕೂಡಲೇ ಮೊದಲಿನ ‘ಫೋ’ ಓತ್ವ ಕಳೆದುಕೊಂಡು ‘ಫ’ ಆಯಿತು, ಮುಚ್ಚಿಕೊಂಡಿದ್ದ ‘ಟ’ ಅರಳಿ ‘ಟಾ’ ಆಯಿತು, ‘ಗ್ರಾ’ ಕುಗ್ಗಿ ‘ಗ್ರ’ ಆಯಿತು. ಗುಣವಾಚಕ ‘ಫೋಟಗ್ರ್ಯಾಫಿಕ್’, ಮುಖ್ಯ ಒತ್ತು ‘ಗ್ರ್ಯಾ’ ಮೇಲೆ. ಮೊದಲ ‘ಫೋ’ಗೆ ಕಿರಿಯ ಒತ್ತು ಇರುವುದರಿಂದ ಅದರ ಓತ್ವ ಉಳಿದಿದೆ. ನಾವು ಮೂರನ್ನೂ ‘ಫೋಟೋ’ ಎಂದೇ ಶುರುಮಾಡುತ್ತೇವೆ, ಏಕೆಂದರೆ ಬರಹದಲ್ಲಿ ಮೂರೂ ಹಾಗೇ ಶುರುವಾಗುತ್ತವೆ.

ಒತ್ತು ಎಲ್ಲಿದೆ ಎಂದು ಊಹಿಸಲು ಹೋಗಬೇಡಿ, ನಿಘಂಟು ತೆಗೆಯಿರಿ. ಉಚ್ಚಾರದ ಸಾಲಿನಲ್ಲಿ ˈ ಎಂಬ ಸಣ್ಣ ಗೆರೆ ಯಾವ ಅಕ್ಷರಕ್ಕೆ ಮುಂಚೆ ನಿಂತಿದೆಯೋ ಅದು ಒತ್ತಿನ ಅಕ್ಷರ. ಅದನ್ನು ಮೊದಲು ಹಿಡಿದುಕೊಂಡು ಆಮೇಲೆ ə ಹುಡುಕಬೇಕು. ಈ ಕ್ರಮ ತಿರುವುಮುರುವಾದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಉದಾಹರಣೆಗೆ ನಮ್ಮಲ್ಲಿ ಅನೇಕರು ‘ಡೆವಲಪ್’ ಎಂದು ಮೊದಲ ಅಕ್ಷರಕ್ಕೆ ಒತ್ತು ಹಾಕುತ್ತಾರೆ. ಸರಿಯಾದದ್ದು ‘ಡಿವೆಲಪ್’, ಒತ್ತು ‘ವೆ’ ಮೇಲೆ. ಎಲ್ಲ ಅಕ್ಷರವನ್ನೂ ತುಂಬಿ ‘ಡೆ-ವ-ಲ-ಪ್’ ಎಂದರೆ ಕೇಳುವವನು ಹೇಗೋ ಜೋಡಿಸಿಕೊಳ್ಳುತ್ತಾನೆ. ‘ಡೆ’ ಮೇಲೆ ಒತ್ತು ಹಾಕಿ ಉಳಿದವನ್ನು ಇಂಗ್ಲಿಷಿನವರಂತೆ ಮುದುಡಿಬಿಟ್ಟರೆ ಅವನ ಕೈಗೆ ಏನೂ ಸಿಗುವುದಿಲ್ಲ. ಒತ್ತು ಗೊತ್ತಿಲ್ಲದ ಪದವನ್ನು ಮುದುಡದಿರುವುದೇ ಕ್ಷೇಮ.

ಒಂದು ವಾಕ್ಯ, ಹನ್ನೆರಡು ಅಕ್ಷರ

ಪದಗಳೊಳಗಿನ ಶ್ವಾಗಿಂತ ವಾಕ್ಯದ ಶ್ವಾ ನಮ್ಮನ್ನು ಹೆಚ್ಚು ಕಾಡುತ್ತದೆ. ಟು, ಆಫ್, ಫಾರ್, ಫ್ರಮ್, ಅಟ್, ಆ್ಯಂಡ್, ವಾಸ್, ಹ್ಯಾವ್, ದೆಮ್, ದ್ಯಾನ್, ಕ್ಯಾನ್ ಇಂಥ ಚಿಲ್ಲರೆ ಪದಗಳಿಗೆ ಎರಡು ರೂಪ. ಒಂಟಿಯಾಗಿ ಹೇಳಿದಾಗ ತುಂಬು ರೂಪ, ವಾಕ್ಯದ ನಡುವೆ ಮುದುಡಿದ ರೂಪ. ಪಠ್ಯಪುಸ್ತಕದಲ್ಲಿ ನಮಗೆ ಕಲಿಸಿದ್ದು ಒಂಟಿ ರೂಪ ಮಾತ್ರ.

ಅಕ್ಕನ ಮಗನಿಗೆ ನಾನು ಕೊಟ್ಟ ವಾಕ್ಯ ಇದು: ‘ಐ ಕ್ಯಾನ್ ಡ್ರೈವ್ ಫ್ರಮ್ ದಿ ಹಾಸ್ಪಿಟಲ್ ಟು ದಿ ಸ್ಟೇಷನ್’. ಇಂಗ್ಲಿಷಿನವರ ಎಣಿಕೆಯಲ್ಲಿ ಹನ್ನೆರಡು ಅಕ್ಷರ. ಒತ್ತು ಬೀಳುವುದು ಮೂರಕ್ಕೆ ಮಾತ್ರ: ಡ್ರೈವ್, ಹಾಸ್, ಸ್ಟೇ. ಮೊದಲ ‘ಐ’ಗೂ ‘ಪಿ’ಗೂ ಒತ್ತಿಲ್ಲ, ಆದರೂ ತಮ್ಮ ಬಣ್ಣ ಉಳಿಸಿಕೊಂಡಿವೆ. ಉಳಿದ ಏಳೂ ಶ್ವಾ. ತಲೆಕಟ್ಟಿನ ಲೆಕ್ಕದಲ್ಲಿ ಬರೆದರೆ: ‘ಐ ಕನ್ ಡ್ರೈವ್ ಫ್ರಮ್ ದ ಹಾಸ್ಪಿಟಲ್ ಟ ದ ಸ್ಟೇಷನ್’.

ಇದನ್ನು ಮುಂದಿನಿಂದ ಓದಲು ಹೊರಟರೆ ಮೂರನೇ ಪದಕ್ಕೇ ಹಳೇ ಚಾಳಿ ಹಿಡಿಯುತ್ತದೆ. ಹಿಂದಿನಿಂದ ಕಟ್ಟಿ. ಮೊದಲು ‘ಸ್ಟೇಷನ್’ ಎಂದು ‘ಸ್ಟೇ’ ಎಳೆದು ನಾಲ್ಕಾರು ಸಲ ಹೇಳಿ. ಅದಕ್ಕೆ ‘ಟ ದ’ ಅಂಟಿಸಿ, ಆದರೆ ಸ್ಟೇಷನ್ ಹೇಳುತ್ತಿದ್ದ ವೇಗ ಬದಲಾಗಬಾರದು: ‘ಟದಸ್ಟೇಷನ್’, ಒಂದೇ ಪದ ಎಂಬಂತೆ. ಆಮೇಲೆ ‘ಹಾಸ್ಪಿಟಲ್ ಟದಸ್ಟೇಷನ್’. ಆಮೇಲೆ ‘ಫ್ರಮ್‌ದಹಾಸ್ಪಿಟಲ್ ಟದಸ್ಟೇಷನ್’. ಹೀಗೆ ಮೊದಲಿನವರೆಗೆ ಬಂದು, ಮೂರು ಒತ್ತಿಗೆ ಮೇಜಿನ ಮೇಲೆ ಮೂರು ಸಲ ತಟ್ಟಿ. ತಟ್ಟು ಬಿದ್ದಾಗ ಒತ್ತಿನ ಸ್ವರ ಬಾಯಲ್ಲಿರಬೇಕು.

ಇಲ್ಲೊಂದು ಹಳೆಯ ನಂಬಿಕೆಯ ಬಗ್ಗೆ ಎಚ್ಚರವಿರಲಿ. ಅಮೆರಿಕದ ಕೆನೆತ್ ಪೈಕ್ 1945ರಲ್ಲಿ ಇಂಗ್ಲಿಷನ್ನು ಒತ್ತಿನ ತಾಳದ ಭಾಷೆ ಎಂದು ಕರೆದರು. ಒತ್ತಿನಿಂದ ಒತ್ತಿಗೆ ಹೆಚ್ಚುಕಡಿಮೆ ಸಮಾನ ಸಮಯ, ನಡುವೆ ಎಷ್ಟು ಅಕ್ಷರ ಬಂದರೂ ಆ ಸಮಯದಲ್ಲೇ ತುರುಕಬೇಕು ಎಂಬುದು ಇದರ ತಿರುಳು. ಆಮೇಲೆ ಯಂತ್ರ ಇಟ್ಟು ಅಳೆದವರಿಗೆ ಅಂಥ ಗಡಿಯಾರದ ತಾಳ ಸಿಗಲಿಲ್ಲ. ನಡುವಿನ ಅಕ್ಷರ ಹೆಚ್ಚಿದರೆ ಸಮಯವೂ ಹೆಚ್ಚುತ್ತದೆ, ಆದರೆ ಅಕ್ಷರಕ್ಕೆ ತಕ್ಕಷ್ಟು ಹೆಚ್ಚುವುದಿಲ್ಲ. ಆದ್ದರಿಂದ ಮೇಜು ತಟ್ಟುವುದು ಬಾಯಿಗೆ ದಾರಿ ತೋರಿಸಲು ಮಾತ್ರ. ತಾಳಕ್ಕೆ ಸರಿಯಾಗಿ ಮಾತಾಡಲು ಹೊರಟರೆ ಕೇಳುವವರಿಗೆ ಪಾಠ ಒಪ್ಪಿಸಿದಂತಿರುತ್ತದೆ.

ಅಭ್ಯಾಸದಲ್ಲಿ ಎಡವುವ ಜಾಗ ಮುಖ್ಯವಾಗಿ ಎರಡು. ಒಂದು, ಮುದುಡುವ ಉತ್ಸಾಹದಲ್ಲಿ ಒತ್ತಿನ ಅಕ್ಷರವನ್ನೂ ನುಂಗಿಬಿಡುವುದು. ಮೊದಲ ವಾರ ಅಕ್ಕನ ಮಗನೂ ಹೀಗೆ ಮಾಡಿದ, ಅವನ ಇಂಗ್ಲಿಷು ಬರೀ ಗುನುಗಾಯಿತು. ಸಣ್ಣದನ್ನು ಸಣ್ಣದು ಮಾಡಬೇಕಾದರೆ ದೊಡ್ಡದನ್ನು ಮೊದಲು ದೊಡ್ಡದು ಮಾಡಬೇಕು. ‘ಡ್ರೈವ್’, ‘ಹಾಸ್’, ‘ಸ್ಟೇ’ ಮೊದಲಿಗಿಂತ ಉದ್ದವಾಗಿ ಬಂದರೆ ಉಳಿದವು ತಾವಾಗಿ ಕುಗ್ಗುತ್ತವೆ. ಒಟ್ಟು ವೇಗ ಹೆಚ್ಚಬೇಕಾಗಿಯೇ ಇಲ್ಲ.

ಇನ್ನೊಂದು, ಚಿಲ್ಲರೆ ಪದವನ್ನು ಎಲ್ಲ ಕಡೆಯೂ ಮುದುಡುವುದು. ವಾಕ್ಯದ ಕೊನೆಯಲ್ಲಿ ಬಂದಾಗ ಇವುಗಳಲ್ಲಿ ಹೆಚ್ಚಿನವು ತುಂಬು ರೂಪವನ್ನೇ ಬೇಡುತ್ತವೆ. ‘ಐ ಆಮ್ ಫ್ರಮ್ ಮೈಸೂರು’ ಎನ್ನುವಾಗ ಫ್ರಮ್‌ಗೆ ತಲೆಕಟ್ಟು ಸಾಕು. ‘ವೇರ್ ಆರ್ ಯೂ ಫ್ರಾಮ್?’ ಎನ್ನುವಾಗ ಅದೇ ಪದ ಅರಳುತ್ತದೆ. ಎದುರುಬದುರು ಇಟ್ಟು ಹೇಳುವಾಗಲೂ ಹಾಗೆ: ಕಾಗದ ‘ಅವರಿಗೆ’ ಬಂದದ್ದಲ್ಲ, ‘ಅವರಿಂದ’ ಬಂದದ್ದು ಎನ್ನಬೇಕಾದರೆ ಟೂ, ಫ್ರಾಮ್ ಎರಡಕ್ಕೂ ಒತ್ತು ಬೇಕು. ಪದದೊಳಗೂ ಮಣಿಯದ ಸ್ವರಗಳಿವೆ. ‘ವಿಂಡೋ’ ಪದದ ಕೊನೆಯ ಓಕಾರಕ್ಕಾಗಲಿ ‘ಹ್ಯಾಪಿ’ ಪದದ ಕೊನೆಯ ಇಕಾರಕ್ಕಾಗಲಿ ಒತ್ತಿಲ್ಲ, ಆದರೂ ಎಚ್ಚರದ ಮಾತಿನಲ್ಲಿ ಅವು ಶ್ವಾ ಆಗುವುದಿಲ್ಲ. ಅನುಮಾನ ಬಂದಾಗಲೆಲ್ಲ ನಿಘಂಟಿನಲ್ಲಿ ə ಇದೆಯೇ ಎಂದು ನೋಡಿಕೊಂಡರೆ ಮುಗಿಯಿತು.

ಸರಿಹೋಗಿದೆಯೇ ಎಂದು ತಿಳಿಯಲು ನಾನು ಮಾಡಿಸುವ ಪರೀಕ್ಷೆ ಸುಲಭ. ಫೋನಿನಲ್ಲಿ ಹತ್ತು ವಾಕ್ಯ ರೆಕಾರ್ಡ್ ಮಾಡಿ, ಕೆಲವು ಕ್ಯಾನ್, ಕೆಲವು ಕ್ಯಾನ್ಟ್, ಯಾವ ಕ್ರಮದಲ್ಲಾದರೂ ಸರಿ. ಪ್ರತಿಯೊಂದರಲ್ಲೂ ಮುಂದಿನ ಪದ ಡ, ಟ ಇಂಥದರಿಂದ ಶುರುವಾಗಲಿ, ಟಕಾರದ ನೆರವು ಸಿಗಬಾರದು. ಅದನ್ನು ಹೊರದೇಶದಲ್ಲಿ ಬೆಳೆದ ನೆಂಟರ ಮಕ್ಕಳಿಗೆ ಕಳುಹಿಸಿ, ಯಾವುದು ಹೌದು ಯಾವುದು ಇಲ್ಲ ಎಂದು ಗುರುತು ಹಾಕಲು ಹೇಳಿ. ನಮ್ಮೂರಿನ ಗೆಳೆಯರಿಗೆ ಕಳುಹಿಸಿ ಪ್ರಯೋಜನವಿಲ್ಲ. ಅವರ ಕಿವಿಯೂ ನಮ್ಮ ಹಾಗೆ ಟಕಾರವನ್ನೇ ಹುಡುಕುತ್ತದೆ.

ಇಷ್ಟೆಲ್ಲ ಬೇಕೇ ಎಂದು ಕೇಳುವವರಿದ್ದಾರೆ, ಅವರದು ಬರೀ ಸೋಮಾರಿತನವಲ್ಲ. ಇಂಗ್ಲಿಷ್ ಉಚ್ಚಾರದ ತಜ್ಞೆ ಜೆನಿಫರ್ ಜೆಂಕಿನ್ಸ್ 2000ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಇಂಗ್ಲಿಷ್ ತಾಯಿನುಡಿಯಲ್ಲದವರು ತಮ್ಮತಮ್ಮಲ್ಲಿ ಮಾತಾಡುವಾಗ ಯಾವ ಉಚ್ಚಾರಗಳು ಅನಿವಾರ್ಯ ಎಂದು ಪಟ್ಟಿ ಮಾಡಿದರು. ಚಿಲ್ಲರೆ ಪದಗಳ ಮುದುಡಿದ ರೂಪವನ್ನು ಅವರು ಆ ಪಟ್ಟಿಯಿಂದ ಕೈಬಿಟ್ಟರು. ಜಪಾನಿನವರೊಂದಿಗೋ ಬ್ರೆಜಿಲಿನವರೊಂದಿಗೋ ಮಾತಾಡುವ ಕನ್ನಡಿಗನಿಗೆ ತುಂಬು ರೂಪವೇ ಹೆಚ್ಚು ಕೆಲಸಕ್ಕೆ ಬರಬಹುದು. ನನ್ನ ಮಟ್ಟಿಗೆ ಹೇಳುವುದಾದರೆ, ಬಾಯಿಗೆ ಶ್ವಾ ಎಷ್ಟು ಬೇಕು ಎಂಬುದು ಎದುರಿಗೆ ಯಾರಿದ್ದಾರೆ ಎನ್ನುವುದರ ಮೇಲಿದೆ. ಕಿವಿಗೆ ಮಾತ್ರ ಅದು ಬೇಕೇ ಬೇಕು. ಸಿನಿಮಾ ನೋಡುವಾಗ ‘ಅವರು ನುಂಗಿ ನುಂಗಿ ಮಾತಾಡ್ತಾರೆ’ ಎಂದು ನಾವು ದೂರುವುದರಲ್ಲಿ ಹೆಚ್ಚಿನ ಪಾಲು ಇವೇ ಚಿಲ್ಲರೆ ಪದಗಳ ತಕರಾರು. ‘ಕುಡ್ ಹ್ಯಾವ್’ ಎಂದು ನಾವು ಕಾಯುತ್ತೇವೆ, ಅವರು ‘ಕುಡವ್’ ಎಂದು ಹೇಳಿ ಮುಂದೆ ಹೋಗಿರುತ್ತಾರೆ. ಆ ‘ಅವ್’ ಎಷ್ಟು ಸವೆದಿದೆಯೆಂದರೆ ಅದು ‘ಹ್ಯಾವ್’ ಪದವೋ ‘ಆಫ್’ ಪದವೋ ಎಂದು ಅವರ ಮಕ್ಕಳಿಗೇ ಗೊತ್ತಾಗದೆ ಶಾಲೆಯಲ್ಲಿ ‘ಕುಡ್ ಆಫ್’ ಎಂದು ಬರೆದು ಬೈಸಿಕೊಳ್ಳುತ್ತಾರೆ. ‘ಸೆಪರೇಟ್’ ಪದದ ನಡುವೆ ‘ಎ’ ಬರೆಯಬೇಕೋ ‘ಇ’ ಬರೆಯಬೇಕೋ ಎಂಬ ಗೊಂದಲವೂ ಅವರಿಗೇ ಹೆಚ್ಚು, ಅಲ್ಲಿ ಕೇಳಿಸುವುದು ಶ್ವಾ ಮಾತ್ರ ತಾನೇ. ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳುವ ನಮಗೆ ಆ ಕಾಗುಣಿತದ ಕಷ್ಟವಿಲ್ಲ.

ಅಕ್ಕನ ಮಗ ಮೂರು ತಿಂಗಳಲ್ಲಿ ‘ಕನ್’ ಹಿಡಿದುಕೊಂಡ. ಆದರೆ ತಾರೀಕು, ದುಡ್ಡು, ಗಡುವಿನ ಮಾತು ಬಂದಾಗ ಅದನ್ನೂ ನಂಬಿಕೊಂಡು ಕೂರುವುದಿಲ್ಲ. ಆಗುತ್ತದೆ ಎನ್ನಲು ‘ಯೆಸ್, ಫ್ರೈಡೇ ವರ್ಕ್ಸ್’ ಎನ್ನುತ್ತಾನೆ. ಆಗುವುದಿಲ್ಲ ಎನ್ನಲು ಮೊಟಕು ರೂಪ ಬಿಟ್ಟು ‘ಕ್ಯಾನಾಟ್’ ಎಂದು ಪೂರ್ತಿ ಬಿಡಿಸಿ ಹೇಳುತ್ತಾನೆ.